ಇಪ್ಪತ್ತಮೂರರವರೆಗೆ ಅರ್ಧ ಗೋಡೆ

ವಕೀಲರ ಗುಮಾಸ್ತರು ಮೂವತ್ತೊಂದು ವರ್ಷಗಳಿಂದ ಒಂದೇ ಮರದ ಕುರ್ಚಿಯಲ್ಲಿ ಕುಳಿತು ನ್ಯಾಯಾಲಯದ ಭಾಷೆಯನ್ನು ಮನುಷ್ಯರ ಭಾಷೆಗೆ ಇಳಿಸುತ್ತ ಬಂದವರು. ಒಂದು ವಾಕ್ಯ ಮುಗಿಯಲು ಒಂದೂವರೆ ಪುಟ ಏಕೆ ಬೇಕು ಎಂಬ ಅವರ ಸಿಟ್ಟು ನ್ಯಾಯವಾದದ್ದೇ. ಕಕ್ಷಿದಾರರಿಗೆ ಬರೆದ ಕಾಗದವನ್ನು ಅವರು ಹೆಸರು ಬಿಟ್ಟು ಮೊದಲು ಹೆಂಡತಿಗೆ ಓದಿ ಹೇಳುವರು. ಆಕೆ ಒಂದು ಪ್ರಶ್ನೆ ಕೇಳಿದರೂ ತಿದ್ದುವರು. ಆಮೇಲೆ ವಕೀಲರ ಸಹಿ.

ಈ ಸಲ ಹೆಸರು ಮುಚ್ಚಿಟ್ಟು ಫಲವಿರಲಿಲ್ಲ. ಗಂಡನ ಎಡಗೆನ್ನೆಯ ಗಡ್ಡವೇ ಗುಟ್ಟು ರಟ್ಟು ಮಾಡಿತ್ತು. ಕಕ್ಷಿದಾರ ಅವರ ಕ್ಷೌರಿಕನೇ; ಅವನ ಕಿಟಕಿಗೆ ಅಡ್ಡವಾಗಿ ಪಕ್ಕದ ಕಬ್ಬಿಣದ ಅಂಗಡಿಯವನು ಗೋಡೆ ಎಬ್ಬಿಸುತ್ತಿದ್ದ. ಅರ್ಧ ಎದ್ದಿದ್ದ ಗೋಡೆಯಿಂದ ಗಿರಾಕಿಗಳ ಎಡಗೆನ್ನೆ ಕತ್ತಲಾಗಿ ಕೂದಲು ಉಳಿದುಬಿಡುತ್ತಿತ್ತು.

ಕಾಗದ ಹೀಗಿತ್ತು: "ಮಧ್ಯಂತರ ಆದೇಶ ಬಂದಿದೆ. ಇದು ಗೆಲುವಲ್ಲ, ಸೋಲೂ ಅಲ್ಲ. ಎದುರಿನವರು ತಕರಾರು ಸಲ್ಲಿಸಲು ಕಾಲ ಕೇಳಿದ್ದಾರೆ. ಇಪ್ಪತ್ತಮೂರನೇ ತಾರೀಖಿನವರೆಗೆ ಇಬ್ಬರೂ ಯಥಾಸ್ಥಿತಿ ಕಾಯಬೇಕು. ಅಂದು ಎರಡೂ ಕಡೆ ಕೇಳಿ ನ್ಯಾಯಾಧೀಶರು ಈ ಆದೇಶವನ್ನು ಮುಂದುವರಿಸಬಹುದು, ಬದಲಿಸಬಹುದು, ತೆಗೆದುಹಾಕಲೂಬಹುದು. ಗೋಡೆಯ ಹಕ್ಕು ಯಾರದೆಂಬುದು ಸಾಕ್ಷಿ, ವಾದ ಮುಗಿದ ಮೇಲಿನ ತೀರ್ಪಿನಲ್ಲಿ."

ಹೆಂಡತಿ ಬೀನ್ಸ್ ನಾರು ತೆಗೆಯುತ್ತ ಕೇಳಿದಳು: "ಅದೆಲ್ಲ ಸರಿ ಕಣ್ರೀ. ಎದ್ದಿರೋ ಅರ್ಧ ಗೋಡೇನ ಆ ಕ್ಷೌರದವನು ಒಡೀಬಹುದಾ?"

ಗುಮಾಸ್ತರು ತಟ್ಟನೆ ಎದ್ದರು. ಮೂರು ದಿನದ ಹಿಂದೆ, ಆದೇಶವಾದ ದಿನವೇ, ಇದೇ ಒಕ್ಕಣೆಯ ಕಾಗದವನ್ನು ಹೆಂಡತಿ ಊರಲ್ಲಿಲ್ಲವೆಂದು ಓದಿಸದೆಯೇ ಕಳುಹಿಸಿಬಿಟ್ಟಿದ್ದರು. ಈಗ ಅಭ್ಯಾಸ ತಪ್ಪಬಾರದೆಂದು ಓದಿದ್ದು ಅದರ ಕಚ್ಚಾ ಪ್ರತಿ. ಚಪ್ಪಲಿ ಮೆಟ್ಟಿ ಓಡಿದರು.

ಕ್ಷೌರಿಕ ತೋಳೇರಿಸಿ ಗೋಡೆಯ ಮುಂದೆ ನಿಂತಿದ್ದ. ಕೈಯಲ್ಲಿ ಹೊಸ ಸುತ್ತಿಗೆ. ಅದನ್ನು ಕೊಂಡದ್ದೂ ಆ ಕಬ್ಬಿಣದ ಅಂಗಡಿಯಲ್ಲೇ.

"ನಿಲ್ಲಿಸಪ್ಪಾ!"

"ಯಾಕೆ ಸ್ವಾಮಿ? ಗೋಡೆ ಏಳೋಕ್ ಮುಂಚೆ ಇದ್ದದ್ದಲ್ವಾ ಯಥಾಸ್ಥಿತಿ?"

"ಆದೇಶ ಆದ ದಿನ ಇದ್ದದ್ದು. ಅವನು ಇಟ್ಟಿಗೆ ಇಡಂಗಿಲ್ಲ, ನೀನು ತೆಗಿಯಂಗಿಲ್ಲ. ಒಂದೇಟು ಹಾಕಿದ್ರೆ ಆದೇಶ ಮುರಿದವನು ನೀನೇ. ಆಸ್ತಿ ಜಪ್ತಿ ಆಗಬಹುದು, ಜೈಲೂ ಆಗಬಹುದು. ಅವನಿಗೆ ಬೇಕಾದ್ದೂ ಅದೇ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಬ್ಬಿಣದ ಅಂಗಡಿಯವನು ಪೆಚ್ಚಾಗಿ ಒಳಗೆ ಸರಿದ. ಸುತ್ತಿಗೆಗೆ ರಿಯಾಯಿತಿ ಕೊಟ್ಟಿದ್ದು ಏಕೆಂದು ಕ್ಷೌರಿಕನಿಗೆ ಆಗ ಹೊಳೆಯಿತು.

ಗುಮಾಸ್ತರು ಅಲ್ಲೇ ಕುಳಿತು ಬಿಟ್ಟುಹೋದ ಸಾಲನ್ನು ಬರೆದುಕೊಟ್ಟರು. ಸಂಜೆಯೊಳಗೆ ವಕೀಲರ ಸಹಿ ಬಿತ್ತು. ಕಾಗದವನ್ನು ಅಂಗಡಿಯ ಒಳಗೋಡೆಗೆ ಬಡಿಯಲು ಕ್ಷೌರಿಕ ಸುತ್ತಿಗೆ ಎತ್ತಿದವನು ಅನುಮಾನದಿಂದ ತಿರುಗಿದ. ಈ ಗೋಡೆ ದಾವೆಯಲ್ಲಿಲ್ಲ, ಮೊಳೆ ಹೊಡೆಯಬಹುದು ಎಂದು ಗುಮಾಸ್ತರು ಅಪ್ಪಣೆ ಕೊಟ್ಟರು. ಬಂದದ್ದೇ ಬಂದೆ ಎಂದು ಕ್ಷೌರಕ್ಕೂ ಕುಳಿತರು; ಎಡಗೆನ್ನೆಗೆ ಬೆಳಕು ಬೀಳಲು ಕುರ್ಚಿಯನ್ನು ಸ್ವಲ್ಪ ತಿರುಗಿಸಲು ಹೇಳಿದರು.

"ಬೇಡ ಸ್ವಾಮಿ," ಎಂದ ಕ್ಷೌರಿಕ, "ಇಪ್ಪತ್ತಮೂರರ ತನಕ ಇಲ್ಲಿ ನಾನು ಏನನ್ನೂ ಅಲ್ಲಾಡಿಸಲ್ಲ."