ಎಲ್ಲರ ಕಣ್ಣೂ ತೆರೆದಿದ್ದ ಫೋಟೊ

ಸ್ಟುಡಿಯೊದ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಡ್ರಾಯಿಂಗ್ ಟೀಚರ್ ಮಕ್ಕಳ ಕಣ್ಣು ನೋಡುತ್ತಿದ್ದರು. ಫೋಟೊವನ್ನು ದೊಡ್ಡದು ಮಾಡಿ, ಹಿಂದಿನ ಸಾಲಿನ ಎಡತುದಿಯಿಂದ ಹೊರಟು, ಒಂದೊಂದು ಮುಖದ ಎದುರೂ ನಿಂತು ಮುಂದಕ್ಕೆ ಹೋಗುವುದು ಅವರ ಕ್ರಮ. ದೂರದಿಂದ ನೋಡಿದರೆ ಯಾವ ಫೋಟೊವೂ ಚೆನ್ನಾಗಿಯೇ ಇರುತ್ತದೆ. ಹತ್ತಿರ ಹೋದಾಗಲೇ ಒಬ್ಬನ ರೆಪ್ಪೆ ಅರ್ಧ ಇಳಿದಿರುವುದು, ಇನ್ನೊಬ್ಬಳ ಕನ್ನಡಕದ ಮೇಲೆ ಬೆಳಕು ಬಿದ್ದು ಕಣ್ಣೇ ಇಲ್ಲದಂತಾಗಿರುವುದು, ಮೂರನೆಯವನ ಗಲ್ಲವನ್ನು ಮುಂದಿನವನ ಕೂದಲು ನುಂಗಿರುವುದು ಕಾಣುತ್ತದೆ.

“ಎಲ್ಲ ಮಕ್ಕಳ ಕಣ್ಣೂ ಒಟ್ಟಿಗೆ ತೆರೆಯೋದು ಮನೆಗೆ ಹೋಗೋ ಬೆಲ್ ಹೊಡೆದಾಗ ಮಾತ್ರ ಮೇಡಂ,” ಎಂದರು ಸ್ಟುಡಿಯೊ ಮಾಲೀಕರು. ಪ್ರತಿವರ್ಷವೂ ಹೇಳುವ ಮಾತು. ಟೀಚರ್ ಪ್ರತಿವರ್ಷದಂತೆ ನಕ್ಕರು.

ಒಬ್ಬರ ರಜೆಯ ಜಾಗಕ್ಕೆಂದು ಆರು ತಿಂಗಳ ಮಟ್ಟಿಗೆ ಆ ಶಾಲೆಗೆ ಬಂದವರು ತಲೆ ನರೆಯುವವರೆಗೂ ಅಲ್ಲೇ ಉಳಿದಿದ್ದರು. ತರಗತಿಗಳ ಗ್ರೂಪ್ ಫೋಟೊ ಕೆಲಸ ಅವರ ತಲೆಗೆ ಬಂದದ್ದು ಬೇರೆ ಯಾರಿಗೂ ಅದು ಬೇಡವಾಗಿತ್ತು ಎಂಬ ಕಾರಣಕ್ಕೆ. ಅವರು ಮಾತ್ರ ಅದನ್ನು ಹಚ್ಚಿಕೊಂಡಿದ್ದರು. ಅವರ ಬಾಲ್ಯದ್ದು ಎಂದು ಮನೆಯಲ್ಲಿರುವುದು ಒಂದೇ ಒಂದು ಶಾಲೆಯ ಫೋಟೊ. ಅದರಲ್ಲಿ ಅವರು ಎತ್ತರದ ಹುಡುಗಿಯೊಬ್ಬಳ ಹಿಂದೆ ಸಿಕ್ಕಿಕೊಂಡಿದ್ದಾರೆ. ನೆಂಟರು ಬಂದಾಗಲೆಲ್ಲ ಅಕ್ಕ ಆ ಫೋಟೊ ತೆಗೆದು, “ಇಗೋ, ಈ ಬೈತಲೆ ನಮ್ಮವಳದು,” ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಟೀಚರೂ ನಗುತ್ತಿದ್ದರು.

ಹಾಗಾಗಿ ಅವರ ಫೋಟೊಗಳಲ್ಲಿ ಬರಿಯ ಬೈತಲೆ ಇರುತ್ತಿರಲಿಲ್ಲ. ಹಿಂದಿನ ಸಾಲು ಬೆಂಚಿನ ಮೇಲೆ, ನಡುವಿನದು ನೆಲದ ಮೇಲೆ, ಮುಂದಿನದು ಕುರ್ಚಿಯಲ್ಲಿ. ಹಿಂದಿನವರು ಮುಂದಿನ ಇಬ್ಬರ ನಡುವಿನ ಸಂದಿನಲ್ಲಿ ನಿಲ್ಲಬೇಕು. “ನಿಮಗೆ ಕ್ಯಾಮೆರಾದ ಗಾಜು ಕಾಣಿಸಿದರೆ ನೀವೂ ಅದಕ್ಕೆ ಕಾಣಿಸ್ತೀರಿ. ಕಾಣಿಸದೆ ಇದ್ದವರು ಕೈ ಎತ್ತಿ.” ಆಮೇಲೆ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ, “ಮೂರು” ಎಂದಾಗ ತೆರೆಯಿಸಿ, ತೆರೆದ ಮರುಗಳಿಗೆಯಲ್ಲೇ ಒಂದರ ಹಿಂದೊಂದು ಫೋಟೊ.

ಈಗ ಕಂಪ್ಯೂಟರಿನಲ್ಲಿದ್ದ ಎರಡನೆಯ ತರಗತಿಯವರನ್ನು ಎರಡು ಸಲ ತೆಗೆಯಬೇಕಾಗಿತ್ತು. ಮೊದಲನೆಯದು ಎಲ್ಲ ಮಕ್ಕಳೂ ಇರುವ ಮನೆ ಫೋಟೊ: ಕಾಗದದ ಮೇಲೆ ಅಚ್ಚಾಗಿ ಆಯಾ ಮಕ್ಕಳ ಮನೆಗಷ್ಟೇ ಹೋಗುವುದು. ಎರಡನೆಯದು ಗೇಟಿನ ಬ್ಯಾನರಿಗೆ, ಶಾಲೆಯ ಇಂಟರ್ನೆಟ್ ಪುಟಕ್ಕೆ. ಮಕ್ಕಳ ಮುಖ ಹೊರಗೆ ಹೋಗುವುದು ಬೇಡ ಎಂದು ಮೂರು ಮನೆಯವರು ಹೇಳಿದ್ದರು. ಆ ಮೂವರು ಪಕ್ಕಕ್ಕೆ ಸರಿದು ನಿಂತ ಮೇಲೆ ಉಳಿದವರ ಫೋಟೊ.

ಮೂವರಲ್ಲಿ ಒಬ್ಬಳು ಕಿಟಕಿ. ಮುಂದಿನ ಹಲ್ಲು ಬಿದ್ದು ಬಾಯಲ್ಲಿ ಕಿಂಡಿಯಾದಾಗ ಜೊತೆಯ ಮಕ್ಕಳು ಇಟ್ಟ ಹೆಸರು. ವರ್ಷದ ನಡುವೆ ಸೇರಿದವಳು. ತಾಯಿ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸ ಮಾಡುತ್ತಿದ್ದಳು. ಫೋಟೊ ತೆಗೆಯುವುದಕ್ಕೆ ವಾರ ಮುಂಚೆ ಟೀಚರೇ ಅವಳನ್ನು ಗೇಟಿನ ಹತ್ತಿರ ನಿಲ್ಲಿಸಿ ಮಾತನಾಡಿಸಿದ್ದರು.

“ಯಾವ ಫೋಟೊನೂ ಬೇಡ ಮಿಸ್,” ಎಂದಿದ್ದಳು ತಾಯಿ. “ಅವರಪ್ಪ ಇನ್ನೂ ಹುಡುಕ್ತಾನೇ ಇದ್ದಾನೆ. ಹೋದ ಸಲ ಪತ್ತೆ ಮಾಡಿ ಬಂದಾಗ ನನ್ನ ಕೈ ಮುರೀತು. ಇವಳನ್ನ ಎತ್ಕೊಂಡು ಹೋಗೋಕೆ ನೋಡಿದ.”

“ಹೊರಗಿನ ಫೋಟೊದಲ್ಲಿ ಅವಳು ಇರಲ್ಲಮ್ಮ, ಅದು ನನ್ನ ಜವಾಬ್ದಾರಿ. ಮನೆಗೆ ಕೊಡೋದರಲ್ಲಿ ಮಾತ್ರ. ಮಗುಗೂ ಆಸೆ ಇರುತ್ತಲ್ಲ.”

“ಬೇರೆಯವರ ಮನೇಲಿ ಯಾರಾದ್ರೂ ಫೋನಲ್ಲಿ ಹಾಕಿದರೆ?”

“ಎಲ್ಲರಿಗೂ ಹೇಳಿ ಕೊಡ್ತೀನಿ. ಕಾಗದ ಬಿಟ್ಟು ಬೇರೆ ಯಾವ ರೂಪದಲ್ಲೂ ಕೊಡಲ್ಲ.”

ತಾಯಿ ಮಗಳ ಮುಖ ನೋಡಿದಳು. ಮಗಳು ತಾಯಿಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. “ನೀವು ಹೇಳ್ತೀರಿ ಅಂತ ಹೂಂ ಅಂತೀನಿ ಮಿಸ್,” ಎಂದಳು ತಾಯಿ.

ಸ್ಟುಡಿಯೊದಲ್ಲಿ ಮನೆ ಫೋಟೊಗಳನ್ನು ಒಂದೊಂದಾಗಿ ತಳ್ಳುತ್ತ ಬಂದ ಟೀಚರ್ ಹನ್ನೊಂದನೆಯದರಲ್ಲಿ ನಿಂತರು. ಎಡತುದಿಯಿಂದ ಬಲತುದಿಗೆ ಹೋದರು, ಮತ್ತೆ ವಾಪಸು ಬಂದರು. ಯಾರ ಕಣ್ಣೂ ಮುಚ್ಚಿರಲಿಲ್ಲ, ಯಾರೂ ಯಾರ ಹಿಂದೆಯೂ ಇರಲಿಲ್ಲ. ನಡುವಿನ ಸಾಲಿನಲ್ಲಿ ಕಿಟಕಿ ಬಾಯಿ ತುಂಬ ನಕ್ಕಿದ್ದಳು. ಕಿಂಡಿ ಪೂರ್ತಿ ಕಾಣುತ್ತಿತ್ತು.

“ಮನೆಗೆ ಇದು,” ಎಂದರು.

ಹೊರಗಿನದು ಅಷ್ಟು ಸಲೀಸಾಗಿ ಸಿಗಲಿಲ್ಲ. ಆ ದಿನ ಅದನ್ನು ತೆಗೆಯುವ ಹೊತ್ತಿಗೆ ಆಟದ ಮೇಷ್ಟ್ರು ಸೀಟಿ ಹಿಡಿದು ಮೈದಾನ ಬಿಡಿ ಎಂದು ಬಂದು ನಿಂತಿದ್ದರು. ಮೂವರು ಬಿಟ್ಟುಹೋದ ಜಾಗಕ್ಕೆ ಮಕ್ಕಳನ್ನು ಸರಿಸಿ ನಿಲ್ಲಿಸಲು ಪುರುಸೊತ್ತು ಸಿಗದೆ ಸಾಲಿನಲ್ಲಿ ಖಾಲಿ ಜಾಗಗಳು ಹಾಗೆಯೇ ಉಳಿದಿದ್ದವು. ಸಾಲದ್ದಕ್ಕೆ, ಶಾಲೆಯ ಕಾರ್ಯದರ್ಶಿಯ ಮೊಮ್ಮಗ ಚೆನ್ನಾಗಿ ಬಂದ ಪ್ರತಿಯೊಂದರಲ್ಲೂ ಕಣ್ಣು ಮುಚ್ಚಿದ್ದ.

“ಇವನ ಕಣ್ಣು ತೆರೆದಿರೋದು ಇನ್ನೊಂದರಲ್ಲಿದೆ. ಅಲ್ಲಿಂದ ತಂದು ಇಲ್ಲಿ ಕೂರಿಸ್ತೀನಿ, ಗೊತ್ತೇ ಆಗಲ್ಲ,” ಎಂದರು ಮಾಲೀಕರು.

“ಅವರ ಮನೆಯವರನ್ನ ಕೇಳ್ದೆ ಮುಖ ಮುಟ್ಟಬೇಡಿ.” ಟೀಚರ್ ಅಲ್ಲಿಂದಲೇ ಕಾರ್ಯದರ್ಶಿಯ ಸೊಸೆಗೆ ಫೋನ್ ಮಾಡಿದರು. ಆಕೆ ಜೋರಾಗಿ ನಕ್ಕಳು. “ಅವನದೇ ಕಣ್ಣು ತಾನೆ ಮಿಸ್? ಅವರ ತಾತನ ಕಣ್ಣು ಮಾತ್ರ ಹಾಕಿಸಬೇಡಿ.”

ಮಾಲೀಕರು ಕಣ್ಣು ಕೂರಿಸಿದರು, ಖಾಲಿ ಜಾಗಗಳು ಆದಷ್ಟು ಎದ್ದು ಕಾಣದಂತೆ ಅಂಚು ಕತ್ತರಿಸಿದರು. ಮನೆಗೆ ಒಂದು, ಹೊರಗೆ ಒಂದು ಎಂದು ಟೀಚರ್ ಎರಡೂ ಫೋಟೊ ತೋರಿಸಿ ಮತ್ತೊಮ್ಮೆ ಹೇಳಿದರು. ಮಾಲೀಕರು ತಲೆಯಾಡಿಸಿದರು.

ಮರುದಿನ ಹೆಡ್‌ಮಿಸ್ ತಮ್ಮ ಕೋಣೆಗೆ ಕರೆಸಿದರು. ಎರಡು ಫೋಟೊಗಳೂ ಅವರ ಮೇಜಿನ ಮೇಲಿದ್ದವು.

“ಇದೇನ್ರೀ, ಬಾಯಲ್ಲಿ ಹಲ್ಲು ಉದುರಿದ ಹಾಗಿದೆ ಸಾಲು,” ಎಂದು ಹೊರಗಿನದನ್ನು ಪಕ್ಕಕ್ಕೆ ತಳ್ಳಿದರು. “ಅಡ್ಮಿಷನ್ ಸಮಯ. ಗೇಟಲ್ಲಿ ನಿಂತು ನೋಡಿದವರಿಗೆ ಕ್ಲಾಸು ತುಂಬಿದೆ ಅನ್ನಿಸಬೇಕು. ಇದು ನೋಡಿ, ಎಷ್ಟು ಚೆನ್ನಾಗಿದೆ.” ಅವರ ಬೆರಳು ಹನ್ನೊಂದನೆಯದರ ಮೇಲಿತ್ತು.

“ಅದು ಮನೆಗೆ ಕೊಡೋದು ಮೇಡಂ. ಅದರಲ್ಲಿ ಮೂರು ಮಕ್ಕಳು—”

“ಇಬ್ಬರ ಮನೆಯವರ ಹತ್ತಿರ ನಾನೇ ಮಾತಾಡಿದೆ, ಪರವಾಗಿಲ್ಲ ಅಂದ್ರು. ಆ ಮೂರನೆಯ ತಾಯಿ ಫೋನೇ ಎತ್ತಲಿಲ್ಲ.”

“ಕೆಲಸದ ಹೊತ್ತಲ್ಲಿ ಅಲ್ಲಿ ಫೋನ್ ಇಟ್ಕೊಳ್ಳೋ ಹಾಗಿಲ್ಲ. ಸಂಜೆ ನಾನೇ ಕೇಳ್ತೀನಿ. ಆದರೆ ಬೇಡ ಅಂತಾನೇ ಅಂತಾರೆ. ಆ ಮಗು ತಂದೆ ವಿಷಯ ನಿಮಗೂ ಗೊತ್ತು.”

“ಫೋಟೊಗೆ ಒಪ್ಪಿದ್ದಾರೆ ಅಂತ ಹೇಳಿದ್ದು ನೀವೇ ಅಲ್ವಾ?”

“ಮನೆ ಫೋಟೊಗೆ, ಮೇಡಂ. ಅದಕ್ಕೇ ನಾನು ಬೇಡಿ ಒಪ್ಪಿಸಿದ್ದು.”

ಹೆಡ್‌ಮಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸರಿ, ನೋಡೋಣ,” ಎಂದರು.

ಆ ಶಾಲೆಯಲ್ಲಿ ‘ನೋಡೋಣ’ ಎಂದರೆ ಆಗುವುದಿಲ್ಲ ಎಂದು ಅರ್ಥ. ಸಂಬಳ ಹೆಚ್ಚಿಸಿ ಎಂದಾಗ, ಬಣ್ಣದ ಡಬ್ಬಿ ಬೇಕು ಎಂದಾಗ ಟೀಚರ್ ಎಷ್ಟೋ ಸಲ ಕೇಳಿದ ಮಾತು ಅದು. ಈ ಸಲವೂ ಹಾಗೆಯೇ, ಆ ಫೋಟೊ ಬ್ಯಾನರ್ ಆಗುವುದಿಲ್ಲ ಎಂದೇ ಅವರು ತಿಳಿದರು. ಸಂಜೆ ಮಗಳನ್ನು ಕರೆದೊಯ್ಯಲು ಬಂದ ತಾಯಿ ಗೇಟಿನ ಹತ್ತಿರ ಕಂಡಳು. ಆಗದ ವಿಷಯಕ್ಕೆ ಇವಳನ್ನು ಯಾಕೆ ಹೆದರಿಸಬೇಕು ಎಂದುಕೊಂಡು ಟೀಚರ್ ಏನೂ ಹೇಳಲಿಲ್ಲ. ಸ್ಟುಡಿಯೊಗೆ ಒಂದು ಫೋನ್ ಮಾಡಬೇಕು ಎಂದೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಗೇಟಿಗೆ ಇಪ್ಪತ್ತು ಹೆಜ್ಜೆ ಇರುವಾಗಲೇ ಅವರಿಗೆ ಆ ಕಿಂಡಿ ಕಂಡಿತು. ಬ್ಯಾನರಿನ ಮೇಲೆ ಪ್ರತಿಯೊಂದು ಮುಖವೂ ತಟ್ಟೆಯಷ್ಟು ದೊಡ್ಡದಾಗಿತ್ತು. ಕೆಳಗೆ ಶಾಲೆಯ ಹೆಸರು, ವಿಳಾಸ, ಫೋನ್ ನಂಬರು.

“ಯಾವಾಗ ಕಟ್ಟಿದ್ರಿ ಇದನ್ನ?” ಎಂದು ಕಾವಲುಗಾರ ತಾತನನ್ನು ಕೇಳಿದರು.

“ನಿನ್ನೆ ಬೆಳಿಗ್ಗೆ ಟೀಚರಮ್ಮ. ಎಲ್ಲ ಮಕ್ಕಳೂ ಎಷ್ಟು ಲಕ್ಷಣವಾಗಿ ಬಂದಿದಾರೆ ನೋಡಿ. ದಾರೀಲಿ ಹೋಗೋರೆಲ್ಲ ನಿಂತು ಫೋನಲ್ಲಿ ಹಿಡ್ಕೊಂಡು ಹೋಗ್ತಿದಾರೆ.”

“ಏಣಿ ತನ್ನಿ ತಾತ.”

“ಹೆಡ್‌ಮಿಸ್ಸು ಬರಲಿ ಅಮ್ಮ, ನನ್ನ ಕೆಲಸಕ್ಕೆ ಸಂಚಕಾರ.”

ಟೀಚರ್ ಡ್ರಾಯಿಂಗ್ ಕೋಣೆಯಿಂದ ಸ್ಟೂಲು ತಂದು ಹತ್ತಿದರು. ಗಂಟು ಬಿಚ್ಚಲು ಬರಲಿಲ್ಲ; ಕ್ರಾಫ್ಟ್ ಕತ್ತರಿಯಿಂದ ಹಗ್ಗ ಕತ್ತರಿಸಿದರು. ಬ್ಯಾನರಿನ ಒಂದು ಬದಿ ಕಳಚಿ, ಆ ಕಡೆಯ ಮಕ್ಕಳ ಮುಖಗಳೆಲ್ಲ ಮಡಚಿಕೊಂಡು ಗೇಟಿಗೆ ಜೋತುಬಿದ್ದವು. ಅಷ್ಟರಲ್ಲಿ ಕಿಟಕಿ ತಾಯಿಯ ಕೈ ಹಿಡಿದು ಬಂದಳು. ತಾಯಿ ಇನ್ನೂ ಕಳಚದ ಬದಿಯನ್ನೇ ನೋಡುತ್ತ ನಿಂತಳು. ಫೋಟೊದಲ್ಲಿ ಮಗಳು ನಿಂತಿದ್ದ ಜಾಗ ಅದೇ.

“ಇದು ಬೇರೆ ಎಲ್ಲಾದ್ರೂ ಇದೆಯಾ ಮಿಸ್?” ಎಂದಳು. ದನಿ ಏರಲಿಲ್ಲ.

ಟೀಚರ್ ಸ್ಟೂಲಿನಿಂದ ಇಳಿದು ಫೋನಿನಲ್ಲಿ ಶಾಲೆಯ ಪುಟ ತೆರೆದರು. ಇತ್ತು. ಶನಿವಾರವೇ ಹಾಕಿದ್ದರು. ಕೆಳಗೆ ಮೆಚ್ಚಿದವರ ಸಾಲು ಬೆಳೆದಿತ್ತು. ಯಾರು ಯಾರಿಗೆ ಕಳಿಸಿದ್ದಾರೆ ಎಂದು ತಿಳಿಯುವ ಹಾಗಿರಲಿಲ್ಲ. ಅವರು ಫೋನನ್ನು ತಾಯಿಯ ಕಡೆ ತಿರುಗಿಸಿದರು.

“ನಾನು ಆಗಲ್ಲ ಅಂದ್ಕೊಂಡಿದ್ದೆ,” ಎಂದರು.

“ನಾನೂ ಹಾಗೇ ಅಂದ್ಕೊಂಡಿದ್ದೆ ಮಿಸ್. ನಿಮ್ಮ ಮಾತು ನಂಬಿ.”

ಹೆಡ್‌ಮಿಸ್ ಬಂದ ಮೇಲೆ ಬ್ಯಾನರ್ ಪೂರ್ತಿ ಇಳಿಯಿತು, ಪುಟದಿಂದಲೂ ಫೋಟೊ ತೆಗೆಸಲಾಯಿತು. “ಇಳಿಸಿದೆವಲ್ಲಮ್ಮ, ಇನ್ನೇನು?” ಎಂದು ಅವರು ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಕೇಳಿದರು. ತಾಯಿ ಟಿ.ಸಿ. ಕೇಳಿದಳು. ಫೋಟೊ ಆರಿಸಿದ್ದು ಡ್ರಾಯಿಂಗ್ ಟೀಚರೇ ಎಂದೂ ಹೆಡ್‌ಮಿಸ್ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಟೀಚರಿಗೆ ಅದನ್ನು ಸುಳ್ಳು ಎನ್ನುವ ಹಾಗಿರಲಿಲ್ಲ. ಮಧ್ಯಾಹ್ನ ಅವರು ಸ್ಟುಡಿಯೊಗೆ ಫೋನ್ ಮಾಡಿದಾಗ, “ಹೆಡ್‌ಮಿಸ್ಸೇ ಹೇಳಿದ್ರಲ್ಲ ಮೇಡಂ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ,” ಎಂದರು ಮಾಲೀಕರು.

ಟಿ.ಸಿ. ಬರೆಯುವವರೆಗೂ ಕಿಟಕಿ ಡ್ರಾಯಿಂಗ್ ಕೋಣೆಯಲ್ಲಿದ್ದಳು. ಏನಾಗುತ್ತಿದೆ ಎಂದು ಅವಳಿಗೆ ಅರ್ಧ ಗೊತ್ತಿತ್ತು. ಬ್ಯಾಗು ತೆಗೆದು ಕೆಳಗಿಟ್ಟಿರಲಿಲ್ಲ. ಮೇಜಿನ ಹತ್ತಿರ ಬಂದು ನಿಂತಳು.

“ಮಿಸ್, ನನ್ನ ಕಣ್ಣು ಮುಚ್ಚಿ ಹೋಗಿತ್ತಾ?”

“ಇಲ್ಲ ಪುಟ್ಟ. ಚೆನ್ನಾಗಿ ತೆರೆದಿತ್ತು.”

“ಮತ್ತೆ ಯಾಕೆ ಇಳಿಸಿದ್ರಿ?”

ಅಷ್ಟರಲ್ಲಿ ತಾಯಿ ಬಾಗಿಲಿಗೆ ಬಂದು ಕೈ ಚಾಚಿದಳು. ಎಲ್ಲಿಗೆ ಹೋಗುತ್ತಾರೆ ಎಂದು ಟೀಚರ್ ಕೇಳಲಿಲ್ಲ, ತಾಯಿಯೂ ಹೇಳಲಿಲ್ಲ. ಇನ್ನೊಂದು ಸಲ ಜಾಗ ಬದಲಿಸುವವಳು ವಿಳಾಸ ಹೇಳುವುದಾದರೂ ಯಾರಿಗೆ?

ಬುಧವಾರ ಮನೆ ಫೋಟೊಗಳ ಕಟ್ಟು ಬಂತು. ಫೋನಿನಲ್ಲಿ ಯಾರಿಗೂ ಕಳಿಸಬೇಡಿ ಎಂದು ಮನೆಯಲ್ಲಿ ಹೇಳಿ ಎನ್ನುತ್ತ ಟೀಚರ್ ಒಬ್ಬೊಬ್ಬರಿಗೂ ಹಂಚಿದರು. ಕಾರ್ಯದರ್ಶಿಯ ಮೊಮ್ಮಗ ತನ್ನದನ್ನು ನೋಡಿ, “ಮಿಸ್, ಇಲ್ಲಿ ಕಿಟಕಿ ಇನ್ನೂ ಇದಾಳೆ,” ಎಂದ. ಕಟ್ಟಿನಲ್ಲಿ ಉಳಿದ ಒಂದು ಪ್ರತಿಯನ್ನು ಟೀಚರ್ ಬೀರುವಿನಲ್ಲಿ ಡ್ರಾಯಿಂಗ್ ಹಾಳೆಗಳ ಅಡಿಗೆ ಇಟ್ಟು ಬೀಗ ಹಾಕಿದರು.

ತಿಂಗಳ ಕೊನೆಯ ಸಭೆಯಲ್ಲಿ ಹೆಡ್‌ಮಿಸ್ ಹೊಸ ನಿಯಮ ಓದಿದರು. ಮುಂದಿನ ವರ್ಷದಿಂದ ಪ್ರತಿ ತರಗತಿಗೂ ಒಂದೇ ಫೋಟೊ. ಮನೆಯವರು ಒಪ್ಪದ ಮಕ್ಕಳು ಫೋಟೊ ತೆಗೆಯುವ ದಿನ ಶಾಲೆಗೆ ಬರಬೇಕಾಗಿಲ್ಲ. ಫೋಟೊ ಆರಿಸುವ ಕೆಲಸ ಆಟದ ಮೇಷ್ಟ್ರಿಗೆ ಹೋಯಿತು.