ನೀಲಿ ಪರದೆಗೆ ಬಿದ್ದ ಪೆಟ್ಟು

ನಾನು ಸ್ಟುಡಿಯೊದ ಗಾಜಿನ ಬಾಗಿಲು ತಳ್ಳಿದಾಗ ಅಣ್ಣ ತಮ್ಮನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ. ಕೀಬೋರ್ಡು ಎರಡು ತುಂಡಾಗಿ, ಗುಂಡಿಗಳು ನೆಲದ ತುಂಬ ಚೆಲ್ಲಿದ್ದವು. ಪರದೆ ನೀಲಿಯಾಗಿತ್ತು.

ಗುರುವಾಯನಕೆರೆಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಬೆಳ್ತಂಗಡಿಯ ಈ ಸ್ಟುಡಿಯೊ ಹಳೆಯ ಗಿರಾಕಿ, ನಡೆಸುವವರು ಇವರಿಬ್ಬರು ಅಣ್ಣತಮ್ಮಂದಿರು. ಅಣ್ಣ ಮದುವೆಗಳಿಗೆ ಕ್ಯಾಮೆರಾ, ಲೈಟು ಹೊತ್ತು ಓಡಾಡುತ್ತಾನೆ, ತಮ್ಮ ಒಳಗೆ ಕೂತು ವಿಡಿಯೊ ಎಡಿಟ್ ಮಾಡುತ್ತಾನೆ. ತಮ್ಮನದು ಚಿನ್ನದಂಥ ಕಿವಿ. ನಾಗಸ್ವರ ಎಲ್ಲಿ ಇಳಿಸಬೇಕು, ಹೆಣ್ಣಿನ ತಾಯಿಯ ಬಿಕ್ಕು ಎಲ್ಲಿ ಉಳಿಸಬೇಕು ಎಂದು ಅವನಿಗೆ ಗೊತ್ತು. ಆ ಸ್ಟುಡಿಯೊಗೆ ಹೆಸರು ಬಂದದ್ದೇ ಅದರಿಂದ.

"ಇವನೇ ಏನೋ ಹಾಕಿ ಹಾಳು ಮಾಡಿದ್ದಾನೆ ಮಾರಾಯ್ರೆ," ಅಣ್ಣ ಹಲ್ಲು ಕಡಿದ. "ಬೇರೆ ಸ್ಟುಡಿಯೊ ಮಾಡ್ಬೇಕಂತೆ ಬೇವರ್ಸಿಗೆ. ಅದಕ್ಕೆ ಇದನ್ನು ಮುಳುಗಿಸ್ತಾ ಇದ್ದಾನೆ. ನೀವು ನೋಡಿ ಹೇಳಿ. ಮೆಷೀನಿಂದು ತಪ್ಪಿಲ್ಲದಿದ್ರೆ ಇವ ಇವತ್ತೇ ಹೊರಗೆ."

"ನಾನು ಎಂತದೂ ಮಾಡ್ಲಿಲ್ಲ," ಎಂದ ತಮ್ಮ. ಅವನ ತುಟಿ ಒಡೆದಿತ್ತು.

ಒಬ್ಬ ಮನುಷ್ಯನ ಅನ್ನದ ಪ್ರಶ್ನೆ ನನ್ನ ಸ್ಕ್ರೂಡ್ರೈವರಿನ ಮೇಲೆ ಬಂದು ಕೂತಿತು. ನನಗೂ ಕೋಪ ಮೂಗಿನ ತುದಿಯಲ್ಲೇ. "ಮೊದಲು ಕೈ ತೆಗೆಯಿರಿ. ಇಲ್ಲದಿದ್ರೆ ನಾನು ಬ್ಯಾಗು ಎತ್ಕೊಂಡು ಹೋಗ್ತೇನೆ," ಎಂದೆ. ಅಣ್ಣ ಕೈ ತೆಗೆದ. ತೆಗೆದವನೇ ಕಾಲಿನಿಂದ ಮೇಜಿನ ಕೆಳಗಿನ ಕ್ಯಾಬಿನೆಟ್ಟಿಗೆ ಒದ್ದ.

ಸುಮ್ಮನೆ ಬ್ರೌಸ್ ಮಾಡುವಾಗ ಆ ಕಂಪ್ಯೂಟರಿಗೆ ಏನೂ ಆಗುತ್ತಿರಲಿಲ್ಲ. ಎಡಿಟ್ ಮಾಡಿದ ತುಣುಕುಗಳೆಲ್ಲ ಒಂದೇ ಫೈಲಾಗಲು ಮದುವೆಯ ವಿಡಿಯೊ ರೆಂಡರ್‌ಗೆ ಹಾಕಿದರೆ ಒಮ್ಮೆ ನೀಲಿ ಪರದೆ, ಇನ್ನೊಮ್ಮೆ ಏನೂ ಹೇಳದೆ ರೀಸ್ಟಾರ್ಟ್. ನೀಲಿ ಪರದೆಯ ಕೋಡ್ ಪ್ರತಿ ಸಲ ಬೇರೆ. ಒಂದೇ ಕೋಡ್ ಬಂದರೆ ಯಾವುದಾದರೂ ಡ್ರೈವರನ್ನು ಹಿಡಿಯಬಹುದು, ಬದಲಾಗುತ್ತಿದ್ದರೆ ನಾನು ಹಾರ್ಡ್‌ವೇರನ್ನೇ ಅನುಮಾನಿಸುತ್ತೇನೆ. ವಿಂಡೋಸಿನ ದಾಖಲೆಯಲ್ಲಿ, ಸರಿಯಾಗಿ ಆಫ್ ಆಗದೆ ರೀಸ್ಟಾರ್ಟ್ ಆಯಿತು ಎಂದಷ್ಟೇ ಇತ್ತು. ಅದು ನಮಗೂ ಗೊತ್ತಿತ್ತು.

ಮೊದಲು ರ‍್ಯಾಮ್. ಎರಡೂ ಕಡ್ಡಿ ಕಳಚಿ, ತುದಿ ಒರೆಸಿ, ಮತ್ತೆ ಕೂರಿಸಿ, ಪೆನ್‌ಡ್ರೈವಿನಿಂದ ಮೆಮೊರಿ ಟೆಸ್ಟ್ ಹಚ್ಚಿಟ್ಟು ಹೋದೆ. ಅದಕ್ಕೆ ಗಂಟೆಗಟ್ಟಲೆ ಬೇಕು. ಸಂಜೆ ಬಂದು ನೋಡಿದರೆ ತಪ್ಪು ತೋರಿಸುವ ಒಂದೇ ಒಂದು ಕೆಂಪು ಸಾಲಿಲ್ಲ. ಕಡ್ಡಿಗಳನ್ನು ಒಂದೊಂದಾಗಿ ಹಾಕಿ ರೆಂಡರ್ ಮಾಡಿದೆ, ಜಾಗ ಬದಲಿಸಿದೆ. ಯಾವುದರಲ್ಲೂ ರೀಸ್ಟಾರ್ಟ್ ತಪ್ಪಲಿಲ್ಲ. "ರ‍್ಯಾಮಿನ ಮೇಲೆ ನನಗೆ ಸಂಶಯ ಇಲ್ಲ," ಎಂದೆ. ಅಣ್ಣ ನನ್ನನ್ನು ನೋಡಲಿಲ್ಲ, ತಮ್ಮನನ್ನು ನೋಡಿದ.

ಮರುದಿನ ಬಿಸಿ. ಟೆಂಪರೇಚರ್ ತೋರಿಸುವ ಸಾಫ್ಟ್‌ವೇರ್ ಹಾಕಿ ರೆಂಡರ್ ಕೊಟ್ಟರೆ ಪ್ರೊಸೆಸರ್ ನೂರು ಡಿಗ್ರಿಯ ಹತ್ತಿರ ಹೋಗಿ ನಿಂತಿತು. ಕ್ಯಾಬಿನೆಟ್ ಬಿಚ್ಚಿದೆ. ಪ್ರೊಸೆಸರಿನ ಬಿಸಿ ಎಳೆಯುವ ಹೀಟ್‌ಸಿಂಕಿನ ಸಂದುಗಳಲ್ಲಿ ಬೂದಿ ಹೆಪ್ಪುಗಟ್ಟಿತ್ತು. ಅದಕ್ಕೆ ಗಂಧದ ಪರಿಮಳ! ಅಣ್ಣ ದಿನಾ ಬೆಳಿಗ್ಗೆ ಶಟರ್ ಎತ್ತಿ, ದೇವರ ಪಟಕ್ಕೆ ಕೈ ಮುಗಿದು, ಉರಿಯುವ ಊದುಬತ್ತಿಯನ್ನು ಕ್ಯಾಬಿನೆಟ್ಟಿನ ಮೇಲಿನ ಜಾಲರಿಯ ತೂತಿಗೇ ಸಿಕ್ಕಿಸುತ್ತಿದ್ದ. ಕೆಳಗೆ ಫ್ಯಾನು ತಿರುಗುತ್ತಿತ್ತು.

"ನಾನು ಹೇಳಿದ್ದೆ, ಅಲ್ಲಿ ಇಡುದು ಬೇಡ ಅಂತ," ತಮ್ಮ ಮೆಲ್ಲ ಹೇಳಿದ.

"ದೇವರ ಕಡ್ಡಿಗೆ ತಪ್ಪು ಹೊರಿಸ್ತೀಯಾ?" ಅಣ್ಣ ಮೇಜಿನ ಮೇಲಿದ್ದ ಸ್ಟೇಪ್ಲರ್ ಬೀಸಿ ಎಸೆದ. ಅದು ತಮ್ಮನ ಹುಬ್ಬಿನ ಮೇಲೆ ಬಿದ್ದು ರಕ್ತ ಬಂತು. ನಾನು ಎದ್ದು ಅಣ್ಣನ ಎದೆಗೆ ಕೈ ಕೊಟ್ಟು ದೂಡಿದೆ. ಅವನು ಕುರ್ಚಿಯೊಂದಿಗೆ ಹಿಂದಕ್ಕೆ ಉರುಳಿದ. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಬೂದಿ ಊದಿ, ಪ್ರೊಸೆಸರಿಗೆ ಹೊಸ ಪೇಸ್ಟ್ ಹಚ್ಚಿದ ಮೇಲೆ ಎಪ್ಪತ್ತು ಡಿಗ್ರಿ ದಾಟಲಿಲ್ಲ. ಕುಂಡೆ ಉಜ್ಜುತ್ತ ಎದ್ದ ಅಣ್ಣನಿಗೆ ಅಷ್ಟೇ ಸಾಕಾಯಿತು. "ಇನ್ನೂ ನೋಡ್ಲಿಕ್ಕೆ ಉಂಟು," ಎಂದು ನಾನು ಹೇಳುತ್ತಿದ್ದಂತೆಯೇ ಆ ವಿಡಿಯೊಗೆ ಕಾಯುತ್ತಿದ್ದ ಮದುಮಗನ ಭಾವನಿಗೆ ಫೋನ್ ಮಾಡಿ, "ಬನ್ನಿ, ವಿಡಿಯೊ ರೆಡಿ," ಎಂದುಬಿಟ್ಟ. ಮದುಮಗ ದುಬೈಗೆ ಹೊರಟು ನಿಂತಿದ್ದ. ಭಾವ ಬಂದು ಎದೆ ಮೇಲೆ ಕೈ ಕಟ್ಟಿ ನಿಂತ. ರೆಂಡರ್ ಅರ್ಧ ದಾಟಿತು. ಧಾರೆಯ ದೃಶ್ಯ ಬಂತು. ಪರದೆ ಕಪ್ಪಾಯಿತು.

ಭಾವ ಗೋಡೆಯ ಮೇಲಿದ್ದ ದೊಡ್ಡ ಫೋಟೊ ಕಿತ್ತು ನೆಲಕ್ಕೆ ಅಪ್ಪಳಿಸಿದ. "ನಾಳೆ ಸಂಜೆಯೊಳಗೆ ಸಿಗದಿದ್ರೆ ನಿಮ್ಮ ಅಂಗಡಿ ಇರುದಿಲ್ಲ," ಎಂದು ಗಾಜು ತುಳಿದುಕೊಂಡು ಹೋದ. ಅಣ್ಣ ತಿರುಗಿ, ಕೂತಿದ್ದ ತಮ್ಮನ ಎಡಗೆನ್ನೆಗೆ ಅಂಗೈ ಬಿಚ್ಚಿ ಬಾರಿಸಿದ. ಪೆಟ್ಟು ಕಿವಿಯನ್ನೂ ಸೇರಿಸಿಯೇ ಬಿತ್ತು. ತಮ್ಮ ಕಿವಿ ಮುಚ್ಚಿಕೊಂಡು ಮೇಜಿಗೆ ಹಣೆ ಇಟ್ಟ.

ನಾನು ಮಲ್ಟಿಮೀಟರ್ ತೆಗೆದೆ. ಉಳಿದದ್ದು ಕರೆಂಟು ಕೊಡುವ ಎಸ್‌ಎಂಪಿಎಸ್ ಒಂದೇ. ಹಳದಿ ವಯರಿಗೂ ಕಪ್ಪು ವಯರಿಗೂ ಮೀಟರಿನ ಕಡ್ಡಿ ಇಟ್ಟೆ. ಸುಮ್ಮನಿದ್ದಾಗ ಹನ್ನೆರಡು ವೋಲ್ಟ್ ಸರಿಯಾಗಿಯೇ ಇತ್ತು. ರೆಂಡರ್ ಶುರುವಾಗಿ ಗ್ರಾಫಿಕ್ಸ್ ಕಾರ್ಡು ಕರೆಂಟು ಎಳೆಯತೊಡಗಿದ್ದೇ ಹನ್ನೊಂದೂವರೆಗೆ ಇಳಿಯಿತು, ಹನ್ನೊಂದರತ್ತ ಜಾರಿತು, ಕಂಪ್ಯೂಟರ್ ಸತ್ತು ಮತ್ತೆ ಎದ್ದಿತು. ಟಾರ್ಚ್ ಬಿಟ್ಟು ಅದರ ಜಾಲರಿಯೊಳಗೆ ನೋಡಿದರೆ ಕೆಟ್ಟ ಕೆಪಾಸಿಟರುಗಳ ತಲೆ ಉಬ್ಬಿತ್ತು.

ಇಷ್ಟು ಹೊತ್ತು ನಾನು ಆ ಕಡೆ ಕಣ್ಣೇ ಹಾಯಿಸಿರಲಿಲ್ಲ. ಇದು ಹಿಂದೆ ನಾನು ಹಾಕಿಕೊಟ್ಟ ಎಸ್‌ಎಂಪಿಎಸ್ ಅಲ್ಲ. ಹಳೆ ಕ್ಯಾಬಿನೆಟ್ಟಿನೊಂದಿಗೆ ಪುಕ್ಕಟೆ ಬಂದಿದ್ದ ಡಬ್ಬಿ.

"ನನ್ನದು ಎಲ್ಲಿ?" ಎಂದೆ.

ತಮ್ಮ ತಲೆ ಎತ್ತದೆ ಮೂಲೆಗೆ ಕೈ ತೋರಿಸಿದ. ಮದುವೆ ಹಾಲಿನಲ್ಲಿ ಜನ ನಿಂತು ಸೆಲ್ಫಿ ತೆಗೆಯುವ ಹೂವಿನ ಕಮಾನು ಅಲ್ಲಿ ಒರಗಿತ್ತು. ಅದರ ಸುತ್ತ ಎಲ್‌ಇಡಿ ಪಟ್ಟಿ. ಹಿಂದೆ ನನ್ನ ಎಸ್‌ಎಂಪಿಎಸ್ಸನ್ನು ವಯರಿನಿಂದ ಬಿಗಿದಿತ್ತು. ಲೈಟಿನ ಅಡಾಪ್ಟರ್ ಸುಟ್ಟಾಗ ಅಣ್ಣನೇ ಇದನ್ನು ಬಿಚ್ಚಿ ಅಲ್ಲಿಗೆ ಹಾಕಿ, ಇಲ್ಲಿಗೆ ಆ ಡಬ್ಬಿ ತುರುಕಿದ್ದ.

"ಒಂದು ಮದುವೆಗೆ ಅಂತ ತೆಗೆದದ್ದು," ಅಣ್ಣ ತೊದಲಿದ. "ಕಂಪ್ಯೂಟರ್ ಆನ್ ಆಗ್ತಿತ್ತಲ್ಲ?"

ಉಬ್ಬಿದ ಡಬ್ಬಿಯನ್ನು ಕಿತ್ತು ಅವನ ಕಾಲಿನ ಬುಡಕ್ಕೆ ಎಸೆದೆ. ನೆಲದ ಟೈಲ್ಸ್ ಬಿರಿಯಿತು. ನನ್ನದನ್ನು ಮತ್ತೆ ಜೋಡಿಸಿದೆ. ಮೀಟರ್ ಹನ್ನೆರಡು ಬಿಟ್ಟು ಅಲುಗಲಿಲ್ಲ. ರೆಂಡರ್ ಧಾರೆ ದಾಟಿತು, ಊಟದ ಪಂಕ್ತಿ ದಾಟಿತು, ಕೊನೆ ಮುಟ್ಟಿತು.

"ನಿನ್ನದು ತಪ್ಪಿಲ್ಲ," ಎಂದೆ ತಮ್ಮನ ಎಡಕ್ಕೆ ನಿಂತು. ಅವನು ತಿರುಗಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ವಿಡಿಯೊ ಪರೀಕ್ಷಿಸುತ್ತಿದ್ದ. ಆಮೇಲೆ ಅದನ್ನು ತೆಗೆದು ನನ್ನ ಕೈಗೆ ಕೊಟ್ಟ.

"ಇದೂ ಹಾಳಾಗಿದೆ ಕಾಣ್ತದೆ. ಎಡಗಡೆ ಸೌಂಡ್ ಬರುದಿಲ್ಲ. ನೋಡ್ತೀರಾ?"

ಹಾಕಿ ನೋಡಿದೆ. ಎರಡೂ ಕಡೆ ನಾಗಸ್ವರ ಸ್ಪಷ್ಟವಾಗಿತ್ತು. ನಮ್ಮ ಕಸುಬಿನಲ್ಲಿ ಅನುಮಾನ ಬಂದರೆ ಅದಲು ಬದಲು ಮಾಡುವುದೇ ದಾರಿ. "ತಿರುಗಿಸಿ ಹಾಕು," ಎಂದೆ. ಅವನು ಎಡಗಡೆಯದನ್ನು ಬಲಗಿವಿಗೆ, ಬಲಗಡೆಯದನ್ನು ಎಡಗಿವಿಗೆ ಇಟ್ಟುಕೊಂಡ. ಸ್ವಲ್ಪ ಹೊತ್ತು ಆಲಿಸಿದ.

"ಈಗಲೂ ಎಡಗಡೆಯೇ ಬರುದಿಲ್ಲ," ಎಂದ.

ಅಣ್ಣ ಬಗ್ಗಿ ನಿನ್ನೆಯಿಂದ ನೆಲದ ಮೇಲೇ ಬಿದ್ದಿದ್ದ ಕೀಬೋರ್ಡಿನ ಗುಂಡಿಗಳನ್ನು ಆರಿಸುತ್ತಿದ್ದ. ಅವನ ಕೈ ಅಲ್ಲಿಗೇ ನಿಂತಿತು.