ಬಟನ್ ಬಾಟ್, ಮಾತಿನ ಬಾಟ್

ನಮ್ಮ ಜಿಲ್ಲಾ ಕೇಂದ್ರದ ಸದಾಶಿವನಗರದ ಕಣ್ಣಿನ ಕ್ಲಿನಿಕ್ಕಿನಲ್ಲಿ ನಾನು ರಿಸೆಪ್ಷನಿಸ್ಟ್. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬಿದವಳಲ್ಲ. ವಾಟ್ಸಾಪಿನಲ್ಲಿ ಅಪಾಯಿಂಟ್‌ಮೆಂಟ್ ಕೊಡಲು ತಾನಾಗಿಯೇ ಉತ್ತರಿಸುವ ಬಾಟ್ ಹಾಕಿಸೋಣ ಎಂದು ಡಾಕ್ಟರಮ್ಮ ಹೇಳಿದಾಗಲೇ ನನಗೆ ಅನುಮಾನ ಶುರುವಾಗಿತ್ತು.

ಹಾಕಿಕೊಡಲು ಬಂದವನು ಎರಡು ತೋರಿಸಿದ. ಒಂದರಲ್ಲಿ ಬರೀ ಬಟನ್: ಊರು ಯಾವುದು, ದಿನ ಯಾವುದು, ಸಮಯ ಯಾವುದು. ಖಾಲಿ ಇರುವ ಸಮಯ ಮಾತ್ರ ಕಾಣುತ್ತದೆ, ಒತ್ತಿದರೆ ಟೋಕನ್ ನಂಬರ್. ಬೇರೇನು ಬರೆದರೂ ‘ದಯವಿಟ್ಟು ಒಂದು ಆಯ್ಕೆ ಒತ್ತಿ’ ಎಂಬ ಒಂದೇ ರಾಗ. ಇನ್ನೊಂದಕ್ಕೆ ನಮ್ಮ ಮಾತಿನಲ್ಲೇ ಏನು ಬರೆದರೂ ಅರ್ಥವಾಗುತ್ತದಂತೆ, ಮನುಷ್ಯರ ಹಾಗೇ ಉತ್ತರ ಕೊಡುತ್ತದಂತೆ. ಅದರ ನಯ ನೋಡಿಯೇ ನನಗೆ ಮೈ ಉರಿಯಿತು. ಅತಿವಿನಯಂ ಧೂರ್ತಲಕ್ಷಣಂ.

“ಒಂದೊಂದು ವಾರ ಎರಡೂ ನೋಡು. ಯಾವ್ದು ಇರ್ಲಿ ಅಂತ ನೀನೇ ಹೇಳು” ಎಂದರು ಡಾಕ್ಟರಮ್ಮ.

ಬಟನ್ ವಾರದಲ್ಲಿ ಅರ್ಧ ಜನ ಬೇಸತ್ತು ನನಗೇ ಫೋನ್ ಮಾಡಿದರು. ಮಾತಿನ ವಾರದಲ್ಲಿ ಫೋನೇ ಇಲ್ಲ. ಎಲ್ಲರೂ ಹೊಗಳುವವರೇ. ಆ ಬುಧವಾರ ಕೊತ್ತಗೆರೆಯಿಂದ ಕುಣಿಗಲ್‌ಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ತಾಯಿ ಮಗಳು ಬಂದಿಳಿದರು. ತಾಯಿಯ ಒಂದು ಕಣ್ಣು ಕೆಂಡದಂತಾಗಿತ್ತು, ಸೆರಗು ಒತ್ತಿಕೊಂಡೇ ಕೂತರು. ಡಾಕ್ಟರಮ್ಮ ಬುಧವಾರ ನಮ್ಮ ಗುಬ್ಬಿ ಕ್ಲಿನಿಕ್ಕಿನಲ್ಲಿರುತ್ತಾರೆ. ಪಟ್ಟಿಯಲ್ಲಿ ಇವರ ಹೆಸರೂ ಇಲ್ಲ.

ಮಗಳು ಮೊಬೈಲ್ ತೋರಿಸಿದಳು. ‘ಆಯ್ತಮ್ಮ, ಬುಧವಾರ ಬೆಳಿಗ್ಗೆ ಬನ್ನಿ’ ಎಂದಿತ್ತು. ಟೋಕನ್ ನಂಬರ್ ಇರಲಿಲ್ಲ.

ನಾನು ಹೇಳಲಿಲ್ಲವೇ ಎಂದುಕೊಂಡು ಬಾಟಿನವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲ ತೆಗೆದು ನೋಡಿ ವಾಪಸ್ ಫೋನ್ ಮಾಡಿದ.

“ಪಟ್ಟಿ ನೋಡಿ, ಬುಕ್ ಮಾಡಿ, ಆಮೇಲೆ ಹೇಳು ಅಂತ ಬಾಟಿಗೆ ಬರ್ದಿದೀವಿ ಅಕ್ಕ. ಅದು ಪಟ್ಟಿ ನೋಡೇ ಇಲ್ಲ. ಹೆಂಗೆ ಮಾತಾಡ್ಬೇಕು ಅಂತ ಮಾದರಿಗೆ ಕ್ಲಿನಿಕ್ ನಂಬರಿನ ಹಳೇ ಮೆಸೇಜ್ ಕೊಟ್ಟಿದ್ದೆ. ಅದ್ರಲ್ಲಿ ನೀವೂ ಕೇಳಿದ್ ತಕ್ಷಣ ‘ಆಯ್ತಮ್ಮ ಬನ್ನಿ’ ಅಂದಿದೀರ. ಅದ್ನೇ ಹಿಡ್ಕಂಡಿರ್ಬೇಕು.”

ನೋವು ಎಂದವರಿಗೆ ಪಟ್ಟಿ ನೋಡಿ ಯಾರು ಹೇಳುತ್ತಾರೆ? ಬನ್ನಿ ಅನ್ನುವುದು, ಬಂದಾಗ ಹೇಗೋ ನಡುವೆ ನುಗ್ಗಿಸುವುದು. ಬುಧವಾರ ಎಂದು ಆಮೇಲೆ ನೆನಪಾದರೆ ಫೋನ್ ಮಾಡಿ ಗುಬ್ಬಿಗೆ ಹೋಗಿ ಅನ್ನುತ್ತಿದ್ದೆ. ಆ ಫೋನ್ ಯಾವ ಮೆಸೇಜಿನಲ್ಲೂ ಇರಲಿಲ್ಲ.

ಡಾಕ್ಟರಮ್ಮನಿಗೆ ಫೋನ್ ಹಚ್ಚಿದೆ. “ತಡ ಮಾಡ್ಬೇಡ, ಈಗ್ಲೇ ಗುಬ್ಬಿಗೆ ಕಳ್ಸು” ಎಂದರು. “ಬಟನ್ನಿಂದೇ ಇರ್ಲಿ ಮೇಡಂ” ಎಂದೂ ಹೇಳಿಬಿಟ್ಟೆ.

ಅದನ್ನು ಕೇಳಿಸಿಕೊಂಡ ಮಗಳು ಬಸ್ ಸ್ಟ್ಯಾಂಡಿಗೆ ಆಟೋ ಹತ್ತುವಾಗ ಕೇಳಿದಳು: “ನಮ್ಗೆ ಬನ್ನಿ ಅಂದಿದ್ದು ಮಿಷನ್ನಾ ಅಕ್ಕ? ನೀವೇ ಬರ್ದಿದ್ದು ಅಂದ್ಕಂಡು ಅವ್ವನ್ನ ಎಲ್ಲೂ ತೋರಿಸ್ದೆ ಎರಡು ದಿನ ಕಾದ್ವಿ.”